ಮುಳ್ಳು ತಿರುಗುತ್ತದೆ, ನೆರಳು ತಿರುಗುವುದಿಲ್ಲ

ಹಳೆಯ ಕೈಗಡಿಯಾರಗಳನ್ನು ಕೊಂಡು ಮಾರುವವರೊಬ್ಬರು ಫೋಟೊ ತಿದ್ದುವ ಸ್ಟುಡಿಯೊಗೆ ಒಂದು ಎಚ್‌ಎಂಟಿ ಗಡಿಯಾರದ ಚಿತ್ರ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಚಿತ್ರ ಚೆನ್ನಾಗಿಯೇ ಬಂದಿದೆ. ಬಿಳಿ ಡಯಲ್, ಉಕ್ಕಿನ ಮುಳ್ಳುಗಳು, ಎಡ ಮೇಲ್ಭಾಗದ ಕಿಟಕಿಯಿಂದ ಬಿದ್ದ ಬೆಳಗಿನ ಬೆಳಕು. ತೊಂದರೆ ಒಂದೇ: ಗಡಿಯಾರ ಸರಿಯಾಗಿ 4 ಗಂಟೆ 37 ನಿಮಿಷ ತೋರಿಸುತ್ತಿದೆ. ಸೆಕೆಂಡ್ ಮುಳ್ಳು ನೇರ 12ರ ಮೇಲೆ ನಿಂತು, ಅದರ ಕೆಳಗಿರುವ ಕಂಪನಿಯ ಹೆಸರನ್ನು ಎರಡು ಪಾಲು ಮಾಡಿದೆ. ಇನ್ನೆರಡು ಮುಳ್ಳುಗಳೂ ಕೆಳಕ್ಕೆ ಬಾಗಿರುವುದರಿಂದ ಡಯಲ್ಲಿನ ಮೇಲರ್ಧ ಬರಿದಾಗಿ ಕಾಣುತ್ತದೆ. ಕ್ಯಾಟಲಾಗಿಗೆ ಜಾಹೀರಾತುಗಳಲ್ಲಿರುವಂತೆ 10 ಗಂಟೆ 10 ನಿಮಿಷ ಬೇಕು. ಗಡಿಯಾರದ ಕೀಲಿ ತಿರುಗಿಸಿ ಮತ್ತೊಂದು ಫೋಟೊ ತೆಗೆದರೆ ಮುಗಿಯಿತಲ್ಲ ಎಂದರೆ, ಗಡಿಯಾರ ಮಾರಾಟವಾಗಿ ಹೋಗಿದೆ, ಉಳಿದಿರುವುದು ಈ ಫೋಟೊ ಮಾತ್ರ.

ಗಡಿಯಾರ ಕೈಯಲ್ಲಿದ್ದರೆ ಕೀಲಿ ತಿರುಗಿಸುವುದೇ ಸರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡು ನಿಮಿಷದಲ್ಲಿ ಆಗುವ ಕೆಲಸಕ್ಕೆ ಕಂಪ್ಯೂಟರಿನ ಮುಂದೆ ಅರ್ಧ ದಿನ ಕೂರುವುದರಲ್ಲಿ ಅರ್ಥವಿಲ್ಲ. ಫೋಟೊ ಮಾತ್ರ ಉಳಿದಾಗ, ಸಿನಿಮಾದ ಒಂದೇ ದೃಶ್ಯದ ಎರಡು ಶಾಟ್‌ಗಳಲ್ಲಿ ಗೋಡೆ ಗಡಿಯಾರ ಬೇರೆ ಬೇರೆ ಹೊತ್ತು ತೋರಿಸಿದಾಗ, ಕಥೆಯ ಪುಸ್ತಕದ ಚಿತ್ರಕ್ಕೆ ನಿರ್ದಿಷ್ಟ ಸಮಯ ಬೇಕಾದಾಗ ಈ ತಿದ್ದುಪಡಿಯ ಅಗತ್ಯ ನಿಜವಾಗಿಯೂ ಬರುತ್ತದೆ.

ಹೊಸಬರು ಮಾಡುವುದು ಹೀಗೆ. ಮುಳ್ಳನ್ನು ಕತ್ತರಿಸಿ ಬೇರೆ ಲೇಯರ್‌ಗೆ ತೆಗೆಯುತ್ತಾರೆ, ಹಳೆಯ ಜಾಗಕ್ಕೆ ಪಕ್ಕದ ಬಿಳಿ ಬಣ್ಣ ತುಂಬುತ್ತಾರೆ, ಮುಳ್ಳನ್ನು ತಿರುಗಿಸಿ ಹೊಸ ಜಾಗದಲ್ಲಿ ಇಡುತ್ತಾರೆ. ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಆದರೆ ಏನೆಂದು ಹೇಳಲು ಬರುವುದಿಲ್ಲ. ಸರಿಯಿಲ್ಲದಿರುವುದು ಬೆಳಕು. ಮುಳ್ಳಿನ ಜೊತೆ ಅದರ ನೆರಳೂ ಹೊಳಪೂ ತಿರುಗಿಬಿಟ್ಟಿವೆ. ಕಿಟಕಿ ಮಾತ್ರ ಇದ್ದಲ್ಲೇ ಇದೆ.

ಎಲ್ಲಕ್ಕಿಂತ ಮೊದಲು ಲೆಕ್ಕ. 12ರ ಗುರುತನ್ನು ಸೊನ್ನೆ ಡಿಗ್ರಿ ಎಂದು ಹಿಡಿದು ಮುಳ್ಳು ಚಲಿಸುವ ದಿಕ್ಕಿನಲ್ಲೇ ಅಳೆಯುತ್ತಾ ಹೋಗೋಣ. ನಿಮಿಷದ ಮುಳ್ಳು ಒಂದು ನಿಮಿಷಕ್ಕೆ 6 ಡಿಗ್ರಿ ಸರಿಯುತ್ತದೆ. ಗಂಟೆ ಮುಳ್ಳು ಒಂದು ಗಂಟೆಗೆ 30 ಡಿಗ್ರಿ, ಅಂದರೆ ನಿಮಿಷಕ್ಕೆ ಅರ್ಧ ಡಿಗ್ರಿ. ಹಾಗಾಗಿ 4:37ಕ್ಕೆ ಗಂಟೆ ಮುಳ್ಳು ಇರುವುದು 138.5 ಡಿಗ್ರಿಯಲ್ಲಿ, ನಿಮಿಷದ ಮುಳ್ಳು 222 ಡಿಗ್ರಿಯಲ್ಲಿ.

ಹೊಸ ಸಮಯ ಆರಿಸುವಾಗ ಬಹಳ ಮಂದಿ ಎಡವುವುದು ಸೆಕೆಂಡ್ ಮುಳ್ಳಿನಲ್ಲಿ. ನಿಮಿಷದ ಮುಳ್ಳನ್ನು ಸರಿಯಾಗಿ 10ನೇ ನಿಮಿಷದ ಗೀಟಿನ ಮೇಲೆ ಇಟ್ಟರೆ ಸೆಕೆಂಡ್ ಮುಳ್ಳು 12ರಲ್ಲೇ ಇರಬೇಕಾಗುತ್ತದೆ. ಹಾಗಿದ್ದರೆ ಅದು ಮತ್ತೆ ಹೆಸರನ್ನು ಮುಚ್ಚುತ್ತದೆ. ಟೈಮೆಕ್ಸ್ ಕಂಪನಿ ತನ್ನ ಜಾಹೀರಾತುಗಳಿಗೆ 10:09:36 ಎಂಬ ಹೊತ್ತನ್ನು ಬಳಸುತ್ತಾ ಬಂದಿದೆ. ವಿಚಿತ್ರವಾಗಿ ಕಾಣುವ ಈ ಸಂಖ್ಯೆಯ ಹಿಂದೆ ಒಳ್ಳೆಯ ಲೆಕ್ಕಾಚಾರವಿದೆ. ಎರಡು ಮುಳ್ಳುಗಳು ಮೇಲಿನ ಹೆಸರಿನ ಎಡ ಬಲಕ್ಕೆ ನಿಲ್ಲುತ್ತವೆ, ಸೆಕೆಂಡ್ ಮುಳ್ಳು ಕೆಳಗೆ 7ರ ಹತ್ತಿರ ಯಾವುದಕ್ಕೂ ಅಡ್ಡ ಬಾರದೆ ಇರುತ್ತದೆ. ಅದನ್ನೇ ನಾವೂ ಇಟ್ಟುಕೊಳ್ಳೋಣ. 36 ಸೆಕೆಂಡ್ ಅಂದರೆ 216 ಡಿಗ್ರಿ. ನಿಮಿಷದ ಮುಳ್ಳು 9ನೇ ಗೀಟನ್ನು ದಾಟಿ ಅರ್ಧಕ್ಕಿಂತ ತುಸು ಹೆಚ್ಚು ಮುಂದೆ, 57.6 ಡಿಗ್ರಿಯಲ್ಲಿ ಇರಬೇಕು. ಗಂಟೆ ಮುಳ್ಳು 10ನ್ನು ದಾಟಿ ಸುಮಾರು 305 ಡಿಗ್ರಿಯಲ್ಲಿ.

ಇನ್ನು ಹಳೆಯ ಮುಳ್ಳುಗಳನ್ನು ಅಳಿಸಬೇಕು. ಮುಳ್ಳುಗಳನ್ನು ನೆರಳು ಬಿಟ್ಟು, ಅಂಚಿಗೆ ಅಂಟಿದಂತೆ ಆಯ್ಕೆ ಮಾಡಿ, ಒಂದೊಂದನ್ನೂ ಒಂದೊಂದು ಲೇಯರ್‌ನಲ್ಲಿ ಕಾಪಿ ಇಟ್ಟುಕೊಂಡ ಮೇಲೆಯೇ ಅಳಿಸಲು ತೊಡಗಬೇಕು. ನಿಮಿಷದ ಮುಳ್ಳಿನ ತುದಿ 37ನೇ ನಿಮಿಷದ ಗೀಟನ್ನು ಮುಚ್ಚಿದೆ. ಅದರ ಕೆಳಗೆ ಏನಿತ್ತು ಎಂದು ಊಹಿಸುವ ಅಗತ್ಯವೇ ಇಲ್ಲ, ಪಕ್ಕದ 38ನೇ ಗೀಟು ಅದರ ಪ್ರತಿ. ಅದನ್ನು ಕಾಪಿ ಮಾಡಿ, ಡಯಲ್ಲಿನ ಕೇಂದ್ರದ ಸುತ್ತ 6 ಡಿಗ್ರಿ ಹಿಂದಕ್ಕೆ ತಿರುಗಿಸಿದರೆ ತನ್ನ ಜಾಗದಲ್ಲಿ ಬಂದು ಕೂರುತ್ತದೆ. ಫೋಟೊಶಾಪ್‌ನಲ್ಲೂ ಉಚಿತವಾಗಿ ಸಿಗುವ ಗಿಂಪ್‌ನಲ್ಲೂ ತಿರುಗುವ ಬಿಂದುವನ್ನು ಎಳೆದು ಬೇಕಾದಲ್ಲಿ ಇಡಬಹುದು. ಆ ಬಿಂದು ಮುಳ್ಳುಗಳನ್ನು ಹಿಡಿದಿರುವ ನಡುವಿನ ಮೊಳೆಯ ಮೇಲೇ ಇರಬೇಕು. ಎರಡು ಪಿಕ್ಸೆಲ್ ಆಚೀಚೆ ಆದರೂ ಗೀಟು ವೃತ್ತ ಬಿಟ್ಟು ಜರುಗುತ್ತದೆ.

ಬಯಲಾಗಿರುವ ಬಿಳಿ ಭಾಗವನ್ನು ತುಂಬುವುದು ಸುಲಭ ಎನಿಸುತ್ತದೆ. ಆದರೆ ಈ ಬಿಳಿ ಎಲ್ಲೆಡೆ ಒಂದೇ ಬಿಳಿಯಲ್ಲ. ಕಿಟಕಿಯ ಕಡೆ ತುಸು ಹೊಳಪು, ಎದುರು ಕಡೆ ತುಸು ಮಬ್ಬು. ಮೇಲಿನ ತುಂಡನ್ನು ತಂದು ಕೆಳಗೆ ಹಚ್ಚಿದರೆ ತೇಪೆ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬಣ್ಣವನ್ನು ಯಾವಾಗಲೂ ತೀರಾ ಪಕ್ಕದಿಂದಲೇ ತೆಗೆದುಕೊಳ್ಳಬೇಕು, ಕ್ಲೋನ್ ಬ್ರಷ್ಷಿನಿಂದ ಸ್ವಲ್ಪಸ್ವಲ್ಪವಾಗಿ ಎಡಗಡೆಯಿಂದಷ್ಟು, ಬಲಗಡೆಯಿಂದಷ್ಟು. ಕೇಂದ್ರದಿಂದ ಅಂಚಿಗೆ ಕಿರಣಗಳಂತೆ ಉಜ್ಜಿದ ಲೋಹದ ಡಯಲ್ ಆದರೆ ಕೆಲಸ ಎಷ್ಟೋ ಪಟ್ಟು ಕಷ್ಟ. ಅದರ ಹೊಳಪು ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ, ಪಕ್ಕದ ತುಂಡೂ ಹೊಂದುವುದಿಲ್ಲ. ಅಂಥ ಡಯಲ್ ಬಂದರೆ ನಾನು ಮುಳ್ಳಿನುದ್ದಕ್ಕೂ ಕೇಂದ್ರದಿಂದ ಹೊರಕ್ಕೆ ಸಣ್ಣ ಸಣ್ಣ ಪಟ್ಟಿಗಳಾಗಿಯೇ ತುಂಬುತ್ತೇನೆ, ಅಡ್ಡಡ್ಡ ಎಳೆಯುವುದಿಲ್ಲ.

ಅಳಿಸುವಾಗ ಮುಳ್ಳಿಗಿಂತ ಹೆಚ್ಚು ಉಳಿದುಹೋಗುವುದು ಅದರ ಹಳೆಯ ನೆರಳು. ನೆರಳಿನ ಅಂಚು ಮೆಲ್ಲಗೆ ಮಾಸುತ್ತಾ ಹೋಗುವುದರಿಂದ ಎಲ್ಲಿ ಮುಗಿಯಿತೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಚಿತ್ರದ ಕಾಂಟ್ರಾಸ್ಟನ್ನು ತಾತ್ಕಾಲಿಕವಾಗಿ ಜೋರಾಗಿ ಏರಿಸಿ ನೋಡಿದರೆ ಬೂದು ಛಾಯೆ ಎದ್ದು ಕಾಣುತ್ತದೆ. ಸಮಯ ಬದಲಾದ ಗಡಿಯಾರದಲ್ಲಿ ಹಳೆಯ ಸಮಯದ ನೆರಳು ತೆಳುವಾಗಿ ಉಳಿದಿರುವುದು ಈ ಕೆಲಸದಲ್ಲಿ ಮತ್ತೆ ಮತ್ತೆ ಸಿಗುವ ತಪ್ಪು.

ಈಗ ನೆರಳಿಗೆ ಬರೋಣ. ಬೆಳಕು 10 ಮತ್ತು 11ರ ನಡುವಿನ ದಿಕ್ಕಿನಿಂದ ಬರುತ್ತಿದೆ, ಅಂದರೆ 315 ಡಿಗ್ರಿಯಿಂದ. ಆದ್ದರಿಂದ ಪ್ರತಿಯೊಂದು ಮುಳ್ಳಿನ ನೆರಳೂ ಅದರ ಎದುರು ದಿಕ್ಕಿಗೆ, 135 ಡಿಗ್ರಿಯ ಕಡೆಗೆ ಸರಿದು ಬೀಳುತ್ತದೆ. ಮುಳ್ಳು ಯಾವ ಕಡೆಗೆ ತಿರುಗಿದ್ದರೂ ಈ ದಿಕ್ಕು ಬದಲಾಗದು. ಮುಳ್ಳಿನ ಆಕಾರವನ್ನು ಹಾಗೇ ಎತ್ತಿ ಬಲ ಕೆಳಕ್ಕೆ ಒಂದಿಷ್ಟು ಜರುಗಿಸಿದರೆ ಸಿಗುವುದೇ ಅದರ ನೆರಳು. ಎಷ್ಟು ಜರುಗಿಸಬೇಕು ಎಂಬುದನ್ನು ಮುಳ್ಳು ಡಯಲ್ಲಿನಿಂದ ಎಷ್ಟು ಎತ್ತರದಲ್ಲಿದೆ ಎಂಬುದು ನಿರ್ಧರಿಸುತ್ತದೆ. ಮೂರು ಮುಳ್ಳುಗಳೂ ಒಂದೇ ಎತ್ತರದಲ್ಲಿರುವುದಿಲ್ಲ. ಗಂಟೆ ಮುಳ್ಳು ತೀರಾ ಕೆಳಗೆ, ಅದರ ಮೇಲೆ ನಿಮಿಷದ ಮುಳ್ಳು, ನಮ್ಮ ಈ ಗಡಿಯಾರದಂತೆ ಸೆಕೆಂಡ್ ಮುಳ್ಳೂ ನಡುವಿನಲ್ಲೇ ಇದ್ದರೆ ಅದು ಎಲ್ಲಕ್ಕಿಂತ ಮೇಲೆ. ಆದ್ದರಿಂದ ಗಂಟೆ ಮುಳ್ಳಿನ ನೆರಳು ಅದಕ್ಕೆ ಹತ್ತಿರವೇ ಇರುತ್ತದೆ, ಸೆಕೆಂಡ್ ಮುಳ್ಳಿನ ನೆರಳು ದೂರ ಹೋಗಿರುತ್ತದೆ.

ಈ ದೂರಗಳನ್ನು ಹಳೆಯ ಫೋಟೊದಲ್ಲೇ ಅಳೆಯಬಹುದು, ಅದಕ್ಕಾಗಿಯೇ ಅಳಿಸುವ ಮುನ್ನ ಒಂದು ಕಾಪಿ ಭದ್ರವಾಗಿರಬೇಕು. ನಿಮಿಷದ ಮುಳ್ಳಿನ ತುದಿಯಿಂದ ಅದರ ನೆರಳಿನ ತುದಿಗೆ ಗೆರೆ ಎಳೆದರೆ 40 ಪಿಕ್ಸೆಲ್ ಬಂತು ಅನ್ನೋಣ. ಗಂಟೆ ಮುಳ್ಳಿನದು 22. ಗಂಟೆ ಮುಳ್ಳು 138.5 ಡಿಗ್ರಿಯಲ್ಲಿ, ಹೆಚ್ಚೂ ಕಡಿಮೆ ನೆರಳು ಬೀಳುವ ದಿಕ್ಕಿಗೇ ಚಾಚಿಕೊಂಡಿರುವುದರಿಂದ, ಅದರ ನೆರಳು ಪಕ್ಕದಲ್ಲಿ ಕಾಣುತ್ತಲೇ ಇಲ್ಲ. ತುದಿಯ ಆಚೆಗೆ ಮಾತ್ರ ಸ್ವಲ್ಪ ಹೊರಚಾಚಿದೆ. ನಿಮಿಷದ ಮುಳ್ಳಿನ ನೆರಳಾದರೋ ಬಲಕ್ಕೆ ಪೂರ್ತಿಯಾಗಿ ಬಿಡಿಸಿಕೊಂಡು ಬಿದ್ದಿದೆ, ಏಕೆಂದರೆ ಬೆಳಕು ಅದನ್ನು ಬಹುತೇಕ ಅಡ್ಡವಾಗಿ ತಾಕುತ್ತಿದೆ.

ಈಗ ನಿಮಿಷದ ಮುಳ್ಳನ್ನು ನೆರಳಿನ ಸಮೇತ 222ರಿಂದ 57.6ಕ್ಕೆ ತಿರುಗಿಸಿದರೆ ಏನಾಗುತ್ತದೆ ನೋಡಿ. ಅದು 164 ಡಿಗ್ರಿಗೂ ಸ್ವಲ್ಪ ಹೆಚ್ಚು ಹಿಂದಕ್ಕೆ ತಿರುಗಿದಂತಾಯಿತು. ಜೊತೆಯಲ್ಲೇ ನೆರಳಿನ ದಿಕ್ಕೂ ಅಷ್ಟೇ ತಿರುಗಿ, 135ರಲ್ಲಿದ್ದದ್ದು ಸುಮಾರು 331ಕ್ಕೆ ಬಂದು ನಿಲ್ಲುತ್ತದೆ. ಕಿಟಕಿ ಇರುವುದು 315ರಲ್ಲಿ. ಅಂದರೆ ನೆರಳು ಬೆಳಕಿನ ಕಡೆಗೇ ಬಿದ್ದಿದೆ! ಡಯಲ್ಲಿನ ಮೇಲಿರುವ ಉಬ್ಬು ಗುರುತುಗಳ ನೆರಳು ಬಲ ಕೆಳಕ್ಕೆ, ಮುಳ್ಳಿನದು ಎಡ ಮೇಲಕ್ಕೆ. ನೋಡುವವರ ಮನಸ್ಸು ಒಪ್ಪದೆ ಹೋಗುವುದು ಇಲ್ಲಿ.

ಸರಿಯಾದ ಕ್ರಮ ಇಷ್ಟು. ನೆರಳಿಲ್ಲದ ಬರೀ ಮುಳ್ಳನ್ನು ಹೊಸ ಜಾಗಕ್ಕೆ ತಿರುಗಿಸಿ. ಆ ಲೇಯರಿನ ಇನ್ನೊಂದು ಪ್ರತಿ ಮಾಡಿ ಮುಳ್ಳಿನ ಕೆಳಗಿಟ್ಟು, ಅದಕ್ಕೆ ಹಳೆಯ ನೆರಳಿನಿಂದಲೇ ಎತ್ತಿಕೊಂಡ ಬಣ್ಣ ತುಂಬಿ. ಲೇಯರ್ ಮೋಡ್ `Multiply` ಇರಲಿ, ಆಗ ಡಯಲ್ಲಿನ ಗೀಟುಗಳು ನೆರಳಿನೊಳಗೂ ಕಾಣುತ್ತವೆ. ನಂತರ ಬಲ ಕೆಳಕ್ಕೆ, 135 ಡಿಗ್ರಿಯ ದಿಕ್ಕಿಗೆ 40 ಪಿಕ್ಸೆಲ್ ಜರುಗಿಸಿ. ಅದು ಓರೆ ದಿಕ್ಕಾದ್ದರಿಂದ ಬಲಕ್ಕೆ 28, ಕೆಳಕ್ಕೆ 28 ಎಂದರೆ ಸಾಕು. ಬೆಳಕು ಮುಳ್ಳಿಗೆ ಈಗಲೂ ಬಹುತೇಕ ಅಡ್ಡವಾಗಿಯೇ ಬೀಳುವುದರಿಂದ ನೆರಳು ಸುಮಾರು 39 ಪಿಕ್ಸೆಲ್‌ನಷ್ಟು ಪಕ್ಕಕ್ಕೆ ಬಿಡಿಸಿಕೊಂಡು ಕಾಣುತ್ತದೆ.

ಗಂಟೆ ಮುಳ್ಳಿನ ಕಥೆ ಬೇರೆ. ಅದು ಈಗ 305ರಲ್ಲಿ, ಬೆಳಕಿನ ಕಡೆಗೆ ಮುಖ ಮಾಡಿ ನಿಂತಿದೆ. ನೆರಳನ್ನು 22 ಪಿಕ್ಸೆಲ್ ಜರುಗಿಸಿದರೆ ಅದು ಮುಳ್ಳಿನ ಉದ್ದಕ್ಕೇ ಕೇಂದ್ರದ ಕಡೆಗೆ ಸರಿದು ಮುಳ್ಳಿನ ಅಡಿಯಲ್ಲಿ ಅಡಗುತ್ತದೆ. ಕೆಳ ಅಂಚಿನಲ್ಲಿ 4 ಪಿಕ್ಸೆಲ್‌ನಷ್ಟು ಸಣ್ಣ ಗೆರೆ ಮಾತ್ರ ಉಳಿಯುತ್ತದೆ, ತುದಿಯಲ್ಲಂತೂ ಏನೂ ಇಲ್ಲ. ಒಂದು ಮುಳ್ಳಿಗೆ ದಟ್ಟ ನೆರಳು, ಇನ್ನೊಂದಕ್ಕೆ ಇದ್ದೂ ಇಲ್ಲದಂತೆ. ಇದನ್ನು ಕಂಡು ಗಾಬರಿಯಾಗಿ ಎರಡಕ್ಕೂ ಒಂದೇ ಬಗೆಯ ನೆರಳು ಕೊಡುವವರಿದ್ದಾರೆ. ಹಾಗೆ ಮಾಡಬಾರದು. ಈ ಅಸಮತೆಯೇ ನಿಜವಾದ ಬೆಳಕಿನ ಗುರುತು.

ನೆರಳಿನ ಅಂಚು ಎಷ್ಟು ಮೃದು ಇರಬೇಕು ಎಂಬುದು ಬೆಳಕಿನ ಮೂಲ ಎಷ್ಟು ಅಗಲ ಕಾಣುತ್ತದೆ ಎಂಬುದನ್ನು ಅವಲಂಬಿಸಿದೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ಹಾಗಾಗಿ ನೇರ ಬಿಸಿಲಿನಲ್ಲಿ ಒಂದು ಮಿಲಿಮೀಟರ್ ಎತ್ತರದ ಮುಳ್ಳಿನ ನೆರಳಿನ ಅಂಚು ಹೆಚ್ಚೂ ಕಡಿಮೆ ಕತ್ತರಿಸಿದಷ್ಟು ಚೂಪು. ಮೋಡ ಕವಿದ ದಿನದ ಕಿಟಕಿ ಅಥವಾ ಸ್ಟುಡಿಯೊದ ಸಾಫ್ಟ್‌ಬಾಕ್ಸ್ ಆದರೆ ಅಂಚು ಕರಗಿಹೋಗುತ್ತದೆ. ನಮ್ಮ ಚಿತ್ರದಲ್ಲಿ `Gaussian Blur` ಎಷ್ಟು ಕೊಡಬೇಕೆಂದು ತಿಳಿಯಲು ಹಳೆಯ ನೆರಳಿನ ಅಂಚನ್ನು ದೊಡ್ಡದು ಮಾಡಿ ನೋಡಿ, ಹೊಸದು ಅದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣದಷ್ಟು ಕೊಟ್ಟರಾಯಿತು. ಎತ್ತರದಲ್ಲಿರುವ ಮುಳ್ಳಿಗೆ ತುಸು ಹೆಚ್ಚು, ತಗ್ಗಿನದಕ್ಕೆ ತುಸು ಕಡಿಮೆ.

ಮುಳ್ಳುಗಳು ಒಂದರ ಹತ್ತಿರ ಒಂದು ಬರುವ ಸಮಯ ಕೇಳಿದರೆ ಇನ್ನೊಂದು ಸೂಕ್ಷ್ಮವಿದೆ. 1 ಗಂಟೆ 4 ನಿಮಿಷದಲ್ಲಿ ಎರಡು ಮುಳ್ಳುಗಳ ನಡುವೆ ಕೇವಲ 8 ಡಿಗ್ರಿ ಅಂತರ, ನಿಮಿಷದ ಮುಳ್ಳಿನ ನೆರಳು ಡಯಲ್ಲಿಗೆ ಇಳಿಯುವ ಮೊದಲೇ ಗಂಟೆ ಮುಳ್ಳಿನ ಮೇಲೆ ಬೀಳುತ್ತದೆ. ಆಗ ಅದು ಬಿದ್ದಿರುವುದು ಡಯಲ್ಲಿಗಿಂತ ಎತ್ತರದ ಮೇಲ್ಮೈಗೆ, ಆದ್ದರಿಂದ ಜರುಗುವುದು 40 ಅಲ್ಲ, 40ರಲ್ಲಿ 22 ಕಳೆದರೆ ಉಳಿಯುವ 18 ಪಿಕ್ಸೆಲ್ ಮಾತ್ರ. ಗಂಟೆ ಮುಳ್ಳಿನ ಅಂಚಿನಲ್ಲಿ ನೆರಳು ಮೆಟ್ಟಿಲಿನಂತೆ ಮುರಿದು ಮುಂದುವರಿಯುತ್ತದೆ. ಈ ಮುರಿತ ಕಂಡಾಗಲೇ ಮುಳ್ಳುಗಳು ಒಂದರ ಮೇಲೊಂದು ಇವೆ ಎಂದು ಕಣ್ಣು ನಂಬುವುದು.

ಲೋಹದ ಮುಳ್ಳಿನ ಹೊಳಪಿಗೂ ಇದೇ ನಿಯಮ. ನಮ್ಮ ಗಡಿಯಾರದ ಮುಳ್ಳಿನ ನಡುವೆ ಉದ್ದಕ್ಕೂ ಒಂದು ಏಣು ಇದೆ, ಅದರಿಂದ ಎರಡೂ ಪಕ್ಕಕ್ಕೆ ಇಳಿಜಾರು. ಬೆಳಕಿನ ಕಡೆಯ ಇಳಿಜಾರು ಬೆಳ್ಳಗೆ ಹೊಳೆಯುತ್ತದೆ, ಇನ್ನೊಂದು ಕಪ್ಪಾಗಿರುತ್ತದೆ. 222ರಲ್ಲಿ ನಿಮಿಷದ ಮುಳ್ಳಿನ ಹೊಳೆಯುವ ಪಕ್ಕ ಅದು ಚಲಿಸುವ ದಿಕ್ಕಿನ ಕಡೆ ಇತ್ತು. 57.6ರಲ್ಲಿ ಹೊಳೆಯಬೇಕಾದದ್ದು ಅದರ ಹಿಂದಿನ ಪಕ್ಕ. ಬರೀ ತಿರುಗಿಸಿದರೆ ಬಿಳುಪು ಕಪ್ಪು ಅದಲುಬದಲಾಗಿ ಉಳಿಯುತ್ತವೆ. ಪರಿಹಾರ ಸರಳ: ಮುಳ್ಳನ್ನು ಅದರ ಉದ್ದದ ಗೆರೆಯ ಮೇಲೆ ಕನ್ನಡಿಯಂತೆ ಮಗುಚಿ, ಆಮೇಲೆ ತಿರುಗಿಸಬೇಕು. ಮುಳ್ಳಿನ ಎರಡೂ ಪಕ್ಕ ಒಂದೇ ಆಕಾರದವಾದ್ದರಿಂದ ಮಗುಚಿದ್ದು ಯಾರಿಗೂ ತಿಳಿಯದು. ಈ ಚಿತ್ರದಲ್ಲಿ ಹಳೆಯ ಜಾಗದಲ್ಲೂ ಹೊಸ ಜಾಗದಲ್ಲೂ ಬೆಳಕು ಮುಳ್ಳಿಗೆ ಹೆಚ್ಚೂ ಕಡಿಮೆ ಅಡ್ಡವಾಗಿಯೇ ಬೀಳುತ್ತಿರುವುದರಿಂದ ಮಗುಚುವುದೊಂದೇ ಸಾಕು. ಬೇರೆ ಕೋನವಾಗಿದ್ದರೆ ಎರಡು ಪಕ್ಕಗಳ ಹೊಳಪನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬೇಕಾಗುತ್ತಿತ್ತು.

ಕೊನೆಯ ಪದರ ಗಾಜು. ಕಿಟಕಿಯ ಪ್ರತಿಬಿಂಬ ಗಾಜಿನ ಎಡ ಮೇಲ್ಭಾಗದಲ್ಲಿ ತೆಳುವಾದ ಬಿಳಿ ಪಟ್ಟೆಯಾಗಿ ಬಿದ್ದಿದ್ದರೆ, ಹೊಸ ಗಂಟೆ ಮುಳ್ಳು ಈಗ ಅದರ ಅಡಿಗೆ ಬರುತ್ತದೆ. ಮುಳ್ಳು ಪಟ್ಟೆಯ ಮೇಲೆ ಕೂತರೆ ಅದು ಗಾಜಿನ ಹೊರಗೆ ಅಂಟಿಸಿದಂತೆ ಕಾಣುತ್ತದೆ. ಪಟ್ಟೆಯನ್ನು ಎಲ್ಲಕ್ಕಿಂತ ಮೇಲಿನ ಲೇಯರ್‌ನಲ್ಲಿ `Screen` ಮೋಡಿನಲ್ಲಿ ಮತ್ತೆ ಬರೆದು, ಮುಳ್ಳು ಅದರೊಳಗಿಂದ ಮಂಕಾಗಿ ಕಾಣುವಂತೆ ಮಾಡಬೇಕು.

ಇಷ್ಟೆಲ್ಲ ಹೇಳಿದ್ದು ನೇರ ಮೇಲಿನಿಂದ ತೆಗೆದ ಚಿತ್ರಕ್ಕೆ. ಗೋಡೆ ಗಡಿಯಾರವನ್ನು ಕೆಳಗಿನಿಂದ, ಗೋಪುರದ ಗಡಿಯಾರವನ್ನು ರಸ್ತೆಯಿಂದ ತೆಗೆದಾಗ ವೃತ್ತ ಮೊಟ್ಟೆಯಾಕಾರ ತಾಳುತ್ತದೆ, ಡಿಗ್ರಿಗಳ ಲೆಕ್ಕವೂ ಕೆಡುತ್ತದೆ. ಡಯಲ್ಲಿನ ಎತ್ತರ ಅಗಲದ ಅರ್ಧದಷ್ಟೇ ಕಾಣುವ ಚಿತ್ರದಲ್ಲಿ ಗಂಟೆ ಮುಳ್ಳನ್ನು ಒಂದೂವರೆಗೆ ಇಡಬೇಕೆಂದು 45 ಡಿಗ್ರಿಯಲ್ಲಿ ಬರೆದರೆ ತಪ್ಪಾಯಿತು. ಆ ಚಿತ್ರದಲ್ಲಿ ಒಂದೂವರೆ ಇರುವುದು ಸುಮಾರು 63 ಡಿಗ್ರಿಯಲ್ಲಿ. ಮುಳ್ಳಿನ ಉದ್ದವೂ ಒಂದೇ ಇರುವುದಿಲ್ಲ, 12ರ ಕಡೆ ಚಾಚಿದಾಗ 3ರ ಕಡೆ ಚಾಚಿದಾಗಿನ ಅರ್ಧ. ಇದನ್ನು ಕೈಲೆಕ್ಕದಲ್ಲಿ ಮಾಡುವುದಕ್ಕಿಂತ, ಪರ್ಸ್ಪೆಕ್ಟಿವ್ ಟೂಲಿನಿಂದ ಡಯಲ್ಲನ್ನು ಎಳೆದು ಪೂರ್ಣ ವೃತ್ತವಾಗಿಸಿ, ಅಲ್ಲೇ ಮುಳ್ಳು ತಿರುಗಿಸಿ, ಮತ್ತೆ ಮೊದಲಿನ ಆಕಾರಕ್ಕೆ ಎಳೆಯುವುದು ಒಳ್ಳೆಯದು. ತಿರುಗುವ ಕೇಂದ್ರವನ್ನು ಮೊಟ್ಟೆಯಾಕಾರದ ನಡುವೆ ಹುಡುಕಬೇಡಿ. 12ರಿಂದ 6ಕ್ಕೆ, 9ರಿಂದ 3ಕ್ಕೆ ಗೆರೆ ಎಳೆದು ಅವು ಸೇರುವ ಜಾಗ ಹಿಡಿಯಿರಿ. ಹತ್ತಿರದಿಂದ ಓರೆಯಾಗಿ ತೆಗೆದ ಚಿತ್ರಗಳಲ್ಲಿ ಇವೆರಡೂ ಒಂದೇ ಜಾಗವಲ್ಲ. ನೆರಳನ್ನು ಮಾತ್ರ ಡಯಲ್ ವೃತ್ತವಾಗಿರುವಾಗಲೇ ಜರುಗಿಸಿ ಮುಗಿಸಬೇಕು.

ಬಯಲಿನಲ್ಲಿರುವ ಗಡಿಯಾರಕ್ಕೆ ಇನ್ನೂ ಒಂದು ಮಿತಿ ಇದೆ, ಅಲ್ಲಿ ಬೆಳಕೇ ಸಮಯ ಹೇಳುತ್ತದೆ. ಮೈಸೂರಿನ ದೊಡ್ಡ ಗಡಿಯಾರದ ಬೆಳಗಿನ 9 ಗಂಟೆಯ ಚಿತ್ರವನ್ನು ಮಧ್ಯಾಹ್ನ 3 ಎಂದು ಮಾಡಲು ಮುಳ್ಳು ತಿದ್ದಿದರೆ ಸಾಲದು. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಹೋಗಿರಬೇಕು, ರಸ್ತೆಯಲ್ಲಿರುವ ಪ್ರತಿ ಮನುಷ್ಯನ, ಪ್ರತಿ ಕಂಬದ ನೆರಳೂ ಆಚೆ ಬದಿಗೆ ಬಂದಿರಬೇಕು. ಅಂಥ ಚಿತ್ರದಲ್ಲಿ ಹತ್ತಿಪ್ಪತ್ತು ನಿಮಿಷ ಆಚೀಚೆ ಮಾಡಬಹುದೇ ಹೊರತು ಹೊತ್ತನ್ನೇ ಬದಲಿಸಲಾಗದು.

ಇಂಥ ತಿದ್ದುಪಡಿಯನ್ನು ಪತ್ತೆ ಮಾಡುವವರು ನೋಡುವುದೂ ಇವನ್ನೇ. ಮೊದಲು ಗಂಟೆ ಮುಳ್ಳೂ ನಿಮಿಷದ ಮುಳ್ಳೂ ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡುತ್ತಾರೆ. ನಿಮಿಷದ ಮುಳ್ಳು 6ರಲ್ಲಿದ್ದು ಗಂಟೆ ಮುಳ್ಳು ಸರಿಯಾಗಿ 4ರ ಮೇಲಿದ್ದರೆ ಅನುಮಾನ ಬರುವುದು ಸಹಜ, ಅದು 4 ಮತ್ತು 5ರ ನಡುವೆ ಇರಬೇಕಿತ್ತು. ಆದರೂ ಅಗ್ಗದ ಗೋಡೆ ಗಡಿಯಾರಗಳಲ್ಲಿ ಗಂಟೆ ಮುಳ್ಳು ಸಡಿಲವಾಗಿ ತುಸು ಜಾರಿರುವುದುಂಟು, ಹಾಗಾಗಿ ಇದೊಂದನ್ನೇ ಪುರಾವೆ ಎನ್ನಲಾಗದು. ನೆರಳಿನ ಪರೀಕ್ಷೆ ಇದಕ್ಕಿಂತ ಗಟ್ಟಿ. ಪ್ರತಿ ಮುಳ್ಳಿನ ತುದಿಯಿಂದ ಅದರ ನೆರಳಿನ ತುದಿಗೆ, ಪ್ರತಿ ಉಬ್ಬು ಗುರುತಿನ ಮೂಲೆಯಿಂದ ಅದರ ನೆರಳಿಗೆ ಗೆರೆ ಎಳೆಯುತ್ತಾರೆ. ನೇರವಾಗಿ ತೆಗೆದ ಡಯಲ್ಲಿನಲ್ಲಿ, ಬಿಸಿಲಾದರೆ, ಈ ಗೆರೆಗಳು ಸಮಾನಾಂತರವಾಗಿರಬೇಕು. ಹತ್ತಿರದ ದೀಪವಾದರೆ ಎಲ್ಲವೂ ಒಂದೇ ಬಿಂದುವಿನ ಕಡೆ ಹೋಗಬೇಕು. ಅಮೆರಿಕದ ಹನಿ ಫರೀದ್ ಮತ್ತು ಅವರ ಸಂಗಡಿಗರು 2013ರಲ್ಲಿ ಈ ಯೋಚನೆಯನ್ನು ವಸ್ತುವಿನ ಮೈಮೇಲೇ ಇರುವ ಅದರದೇ ನೆರಳುಗಳಿಗೂ ಅನ್ವಯಿಸುವಂತೆ ಗಣಿತದ ರೂಪಕ್ಕೆ ತಂದರು. ಅವರ ವಿಧಾನದಲ್ಲಿ ನೆರಳಿನ ತುದಿ ಖಚಿತವಾಗಿ ಕಾಣದಿದ್ದರೂ ಬೆಳಕು ಇಂತಿಷ್ಟು ವ್ಯಾಪ್ತಿಯೊಳಗೆ ಇರಲೇಬೇಕು ಎಂದು ಗುರುತಿಸಿಕೊಳ್ಳಬಹುದು. ಎಲ್ಲ ವ್ಯಾಪ್ತಿಗಳಿಗೂ ಸಮಾನವಾದ ಜಾಗವೇ ಇಲ್ಲವೆಂದಾದರೆ ಚಿತ್ರ ತಿದ್ದಿದ್ದು. ಸಮಾನವಾದ ಜಾಗ ಸಿಕ್ಕರೆ ಚಿತ್ರ ಅಸಲಿ ಎಂದು ಮಾತ್ರ ಅರ್ಥವಲ್ಲ, ತಿದ್ದಿದವರು ಲೆಕ್ಕ ಸರಿಯಾಗಿ ಮಾಡಿರಬಹುದು.

ಬೆಳಕನ್ನು ಮರೆತು ಸಿಕ್ಕಿಬಿದ್ದ ಪ್ರಸಿದ್ಧ ಪ್ರಸಂಗ ರಷ್ಯಾದ್ದು. ಅಲ್ಲಿನ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಪೆಟ್ರಿಯಾರ್ಕ್ ಕಿರಿಲ್ ಅವರ ಒಂದು ಫೋಟೊದಲ್ಲಿ ಮಣಿಕಟ್ಟಿನ ದುಬಾರಿ ಗಡಿಯಾರವನ್ನು ಅಳಿಸಲಾಗಿತ್ತು. ಕೈ ಖಾಲಿಯಾಗಿ ಕಂಡರೂ, ಎದುರಿಗಿದ್ದ ಹೊಳೆಯುವ ಮೇಜಿನಲ್ಲಿ ಗಡಿಯಾರದ ಪ್ರತಿಬಿಂಬ ಹಾಗೇ ಉಳಿದಿತ್ತು. 2012ರಲ್ಲಿ ಜನ ಅದನ್ನು ಗಮನಿಸಿದಾಗ ಚರ್ಚು ಕ್ಷಮೆ ಕೇಳಿ ಮೂಲ ಚಿತ್ರವನ್ನು ಮತ್ತೆ ಹಾಕಬೇಕಾಯಿತು.

ಕ್ಯಾಟಲಾಗಿನ ಗಡಿಯಾರಕ್ಕೆ 10:09 ತೋರಿಸಿದರೆ ಕೊಳ್ಳುವವರಿಗೆ ಮೋಸವಿಲ್ಲ, ಡಯಲ್ಲಿನ ಗೀರು ಕಲೆಗಳನ್ನು ಮುಟ್ಟದಿದ್ದರೆ ಸಾಕು. ಹಳೆಯ ಮುಳ್ಳಿನ ಅಡಿ ತುಂಬುವಾಗ ಪಕ್ಕದ ಕಲೆಯನ್ನೂ ಅಳಿಸಿ ಹೊಸದರಂತೆ ಮಾಡಿಬಿಡುವ ಆಸೆ ಬರುತ್ತದೆ, ಅದಕ್ಕೆ ಕೈ ಹಾಕಬಾರದು. ಸುದ್ದಿಯ ಚಿತ್ರ, ವಿಮೆಯ ಕ್ಲೇಮಿಗೆ ಕೊಡುವ ಚಿತ್ರ, ಪೊಲೀಸು ಕೋರ್ಟಿಗೆ ಹೋಗುವ ಚಿತ್ರ ಆದರೆ ಒಂದು ನಿಮಿಷ ಬದಲಿಸಿದರೂ ಅದು ಸುಳ್ಳು ಸಾಕ್ಷಿ. ಅಂಥ ಕೆಲಸ ಕೇಳಿಕೊಂಡು ಬಂದವರನ್ನು ಹಿಂದಕ್ಕೆ ಕಳಿಸಬೇಕು. ಜಾಹೀರಾತಿನ ಕೆಲಸದಲ್ಲೂ ತಿದ್ದದ ಮೂಲ ಫೈಲನ್ನು ಅದರ `DateTimeOriginal` ಸಮೇತ ಬೇರೆ ಫೋಲ್ಡರಿನಲ್ಲಿ ಉಳಿಸಿ, ತಿದ್ದಿದ ಫೈಲಿನ ಹೆಸರಿನಲ್ಲೇ ಮುಳ್ಳು ಬದಲಿಸಲಾಗಿದೆ ಎಂದು ಬರೆದಿಟ್ಟರೆ, ಮುಂದೆ ಆ ಚಿತ್ರ ಯಾರ ಕೈಗೆ ಹೋದರೂ ಅದರಲ್ಲಿರುವ ಹೊತ್ತು ಎಲ್ಲಿಂದ ಬಂತೆಂದು ಅವರಿಗೆ ತಿಳಿಯುತ್ತದೆ.